ಲ್ಯಾಬಿನ ಹಳೆ ಮೀಟರು, ತಕ್ಕಡಿ ಬದಲಿಸಲು ಪ್ರಾಂಶುಪಾಲರಿಗೆ ಪತ್ರ ಬರೆಯುವುದು ಹೇಗೆ?

ಪ್ರತಿವರ್ಷ ಜೂನ್ ಬಂತೆಂದರೆ ವಿಜ್ಞಾನ ಶಿಕ್ಷಕರಿಂದ ಇದೇ ಪ್ರಶ್ನೆ ಬರುತ್ತದೆ: "ಸರ್, ಅಮ್ಮೀಟರ್ ಎಲ್ಲಾ ಹಾಳಾಗಿವೆ, ತಕ್ಕಡಿ ಒಂದೊಂದು ಸಲ ಒಂದೊಂದು ತೂಕ ತೋರಿಸುತ್ತೆ. ಪ್ರಾಂಶುಪಾಲರಿಗೆ ಎರಡು ಸಲ ಬರೆದುಕೊಟ್ಟೆ, ಏನೂ ಆಗಲಿಲ್ಲ. ಒಂದು ಮಾದರಿ ಪತ್ರ ಇದ್ದರೆ ಕೊಡಿ." ಮಾದರಿ ಪತ್ರ ಈ ಲೇಖನದಲ್ಲಿದೆ, ಆದರೆ ಅದನ್ನಷ್ಟೇ ನಕಲು ಮಾಡಿಕೊಂಡರೆ ಮೂರನೇ ಪತ್ರವೂ ಮೇಜಿನ ಮೇಲೆಯೇ ಉಳಿಯುತ್ತದೆ. ನಾನು ಬರೆದ ಮೊದಲ ಪತ್ರ "ಬಹುತೇಕ ಉಪಕರಣಗಳು ಹಳೆಯದಾಗಿದ್ದು" ಎಂದು ಶುರುವಾಗಿತ್ತು. ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಒಂದು ಪದ ಹೊತ್ತು ವಾಪಸ್ ಬಂತು: "ವಿವರ?"

ಆ ಪ್ರಶ್ನೆ ನ್ಯಾಯವಾದದ್ದೇ. ದುಡ್ಡು ಮಂಜೂರು ಮಾಡಿದವರು ನಾಳೆ ಲೆಕ್ಕಪರಿಶೋಧಕರಿಗೆ ಉತ್ತರ ಕೊಡಬೇಕು. ಯಾವ ಉಪಕರಣ, ಎಷ್ಟು, ಹಾಳಾಗಿದೆ ಅಂತ ಹೇಗೆ ಗೊತ್ತಾಯಿತು, ಯಾವ ಲೆಕ್ಕಶೀರ್ಷಿಕೆಯಿಂದ ಖರ್ಚು ಎಂಬುದು ಕಡತದಲ್ಲೇ ಇರಬೇಕು. ಆ ಉತ್ತರಗಳನ್ನು ನೀವೇ ಬರೆದುಕೊಟ್ಟರೆ ಸಹಿ ಹಾಕುವುದು ಸುಲಭ. ಹಾಗಾಗಿ ಪತ್ರಕ್ಕಿಂತ ಮುಂಚೆ ಲ್ಯಾಬಿನಲ್ಲಿ ಒಂದು ಮಧ್ಯಾಹ್ನದ ಕೆಲಸವಿದೆ.

ಇಲ್ಲಿ ಪ್ರೌಢಶಾಲೆಯ ಲ್ಯಾಬನ್ನು ಇಟ್ಟುಕೊಂಡು ಹೇಳುತ್ತೇನೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕರ್ನಾಟಕ ಪಬ್ಲಿಕ್ ಶಾಲೆ ಅಥವಾ ಖಾಸಗಿ ಶಾಲೆಯಾದರೆ ಪತ್ರ ಪ್ರಾಂಶುಪಾಲರಿಗೆ. ಬರಿಯ ಪ್ರೌಢಶಾಲೆಯಾದರೆ ಮುಖ್ಯ ಶಿಕ್ಷಕರಿಗೆ.

ಹಂತ 1: ಸ್ಟಾಕ್ ಬುಕ್ ಮತ್ತು ಕಪಾಟು ತಾಳೆ ನೋಡಿ

ದಾಸ್ತಾನು ವಹಿ, ಅಂದರೆ ಸ್ಟಾಕ್ ಬುಕ್, ತೆಗೆದುಕೊಂಡು ಕಪಾಟಿನ ಮುಂದೆ ಕೂರಿ. ಪ್ರತಿ ಮೀಟರಿನ ಬೆನ್ನಿಗೆ ಚಿಕ್ಕ ಚೀಟಿ ಅಂಟಿಸಿ ಅ-1, ಅ-2, ವೋ-1 ಎಂದು ಬರೆಯಿರಿ. ವಹಿಯಲ್ಲಿ ಎಂಟು ಅಮ್ಮೀಟರ್ ಇದ್ದು ಕಪಾಟಿನಲ್ಲಿ ಆರೇ ಇದ್ದರೆ, ಆ ಎರಡನ್ನು "ಹಾಳಾಗಿವೆ" ಪಟ್ಟಿಗೆ ಸೇರಿಸಬೇಡಿ. ಕಾಣೆಯಾದದ್ದು ಬೇರೆ ವಿಷಯ, ಅದಕ್ಕೆ ಬೇರೆ ಟಿಪ್ಪಣಿ ಬೇಕು. ಎರಡನ್ನೂ ಬೆರೆಸಿದ ಪತ್ರವನ್ನು ಯಾವ ಪ್ರಾಂಶುಪಾಲರೂ ಮುಂದಕ್ಕೆ ಕಳಿಸುವುದಿಲ್ಲ, ಕಳಿಸಲೂಬಾರದು.

ಹಂತ 2: ರಿಪೇರಿ ಆಗುವುದನ್ನು ಮೊದಲೇ ಬೇರೆ ಮಾಡಿ

"ಕೆಟ್ಟಿದೆ" ಎಂದು ಮೂಲೆಗೆ ಸೇರಿದ ಮೀಟರುಗಳಲ್ಲಿ ಕೆಲವು ಕೆಟ್ಟೇ ಇರುವುದಿಲ್ಲ. ಮುಳ್ಳು ಸೊನ್ನೆಯ ಮೇಲೆ ನಿಲ್ಲದಿದ್ದರೆ ಡಯಲಿನ ಕೆಳಗೆ, ಮುಳ್ಳಿನ ಬುಡದ ಹತ್ತಿರ ಒಂದು ಚಿಕ್ಕ ಪ್ಲಾಸ್ಟಿಕ್ ಸ್ಕ್ರೂ ಇರುತ್ತದೆ ನೋಡಿ. ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ನಿಧಾನವಾಗಿ ತಿರುಗಿಸಿದರೆ ಮುಳ್ಳು ಸೊನ್ನೆಗೆ ಬರುತ್ತದೆ. ಇದೇ ಶೂನ್ಯ ದೋಷ ಸರಿಪಡಿಸುವ ಸ್ಕ್ರೂ. ತಂತಿ ಕಚ್ಚುವ ತಿರುಪು ಸಡಿಲವಾಗಿದ್ದರೂ, ಅದಕ್ಕೆ ಕಿಲುಬು ಹಿಡಿದಿದ್ದರೂ ಮೀಟರು ಸತ್ತಂತೆ ಕಾಣುತ್ತದೆ. ಮರಳು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ ನೋಡಿ.

ಇನ್ನೊಂದು ತಮಾಷೆಯ ಸಂಗತಿ. ಮುಖದ ಪ್ಲಾಸ್ಟಿಕ್ಕನ್ನು ಒಣಬಟ್ಟೆಯಿಂದ ಜೋರಾಗಿ ಒರೆಸಿದರೆ ಸ್ಥಾಯೀ ವಿದ್ಯುತ್ತಿಗೆ ಮುಳ್ಳು ತಾನೇ ಎಳೆದುಕೊಂಡು ನಿಲ್ಲುತ್ತದೆ. ಪರೀಕ್ಷೆಗೆ ಮುನ್ನ ಶ್ರದ್ಧೆಯಿಂದ ಒರೆಸಿ, "ಎಲ್ಲಾ ತಪ್ಪು ತೋರಿಸುತ್ತಿವೆ" ಎಂದವರಿದ್ದಾರೆ. ಬಾಯಿಂದ ಹಾ ಎಂದು ಒಮ್ಮೆ ಉಸಿರು ಬಿಟ್ಟರೆ ಆ ತೇವಕ್ಕೆ ಸರಿಹೋಗುತ್ತದೆ.

ಇಂಥವನ್ನು ಹಾಳಾದವುಗಳ ಪಟ್ಟಿಗೆ ಸೇರಿಸದೆ "ಶಾಲೆಯಲ್ಲೇ ಸರಿಪಡಿಸಲಾಗಿದೆ: 2" ಎಂದು ಪತ್ರದಲ್ಲಿ ಬರೆಯಿರಿ. ನಿಮ್ಮ ಉಳಿದ ಮಾತಿನ ಮೇಲೆ ನಂಬಿಕೆ ಬರುವುದು ಆ ಸಾಲಿನಿಂದಲೇ.

ಹಂತ 3: ಅಮ್ಮೀಟರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ

ಒಂದೊಂದೇ ಮೀಟರನ್ನು ಹಿಡಿದು ನೋಡುತ್ತಾ ಕೂತರೆ ಯಾವುದು ಸರಿ ಎಂದು ಎಂದಿಗೂ ಗೊತ್ತಾಗುವುದಿಲ್ಲ. ಮಕ್ಕಳಿಗೆ ಹೇಳಿಕೊಡುವ ನಿಯಮವನ್ನೇ ಇಲ್ಲಿ ಬಳಸಿ: ಸರಣಿ ಮಂಡಲದಲ್ಲಿ ಎಲ್ಲೆಡೆ ಹರಿಯುವ ಪ್ರವಾಹ ಒಂದೇ. 0–500 ಮಿಲಿಆಂಪಿಯರಿನ ಆರೂ ಅಮ್ಮೀಟರುಗಳನ್ನು ಪ್ಲಸ್ಸಿಗೆ ಮೈನಸ್ ಬರುವಂತೆ ಸರಣಿಯಲ್ಲಿ ಜೋಡಿಸಿ. ಎರಡು ಹೊಸ ಸೆಲ್, ಒಂದು ಪ್ಲಗ್ ಕೀ, ಒಂದು ರಿಯೋಸ್ಟಾಟ್ ಸೇರಿಸಿ. ಈಗ ಆರೂ ಒಂದೇ ಅಂಕೆ ತೋರಿಸಬೇಕು.

ಆದರೆ ನಿಜವಾದ ಅಂಕೆ ಯಾವುದು? ಅದಕ್ಕೆ ಡಿಜಿಟಲ್ ಮಲ್ಟಿಮೀಟರ್ ಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಮಲ್ಟಿಮೀಟರಿನ 10 ಆಂಪಿಯರ್ ತೂತಿಗೆ ತಂತಿ ಹಾಕಿದರೆ ಸಾಧಾರಣ ಮಲ್ಟಿಮೀಟರ್ 0.30 ಎಂದಷ್ಟೇ ತೋರಿಸುತ್ತದೆ, 10 ಮಿಲಿಆಂಪಿಯರಿಗಿಂತ ಸೂಕ್ಷ್ಮವಾಗಿ ಹೇಳುವುದಿಲ್ಲ. ಚಿಕ್ಕ ತೂತಿಗೆ ಹಾಕಿದರೆ 200 ಮಿಲಿಆಂಪಿಯರ್ ದಾಟಿದ ಕೂಡಲೇ ಫ್ಯೂಸ್ ಹೋಗಬಹುದು. ಅದರ ಬದಲು ರೋಧ ಪೆಟ್ಟಿಗೆಯ 1 ಓಮನ್ನು ಅದೇ ಸರಣಿಗೆ ಸೇರಿಸಿ, ಅದರ ಎರಡು ತುದಿಗಳ ನಡುವಿನ ವಿಭವಾಂತರವನ್ನು ಮಲ್ಟಿಮೀಟರಿನ 2000m ವೋಲ್ಟೇಜ್ ವ್ಯಾಪ್ತಿಯಲ್ಲಿ ಅಳೆಯಿರಿ. 1 ಓಮಿನಲ್ಲಿ 300 ಮಿಲಿವೋಲ್ಟ್ ಬಂದರೆ ಹರಿಯುತ್ತಿರುವುದು 300 ಮಿಲಿಆಂಪಿಯರ್. ಗುಣಾಕಾರ, ಭಾಗಾಕಾರ ಏನೂ ಬೇಡ. ಪೆಟ್ಟಿಗೆಯ ಪ್ಲಗ್ಗುಗಳನ್ನು ಒರೆಸಿ ಬಿಗಿಯಾಗಿ ಕೂರಿಸಿರಬೇಕು ಅಷ್ಟೇ. ಮಲ್ಟಿಮೀಟರಿನ ಬ್ಯಾಟರಿ ಹೊಸದಾಗಿರಲಿ. ಬ್ಯಾಟರಿ ಇಳಿದಾಗ ಅದು ಸುಳ್ಳು ಅಂಕೆ ತೋರಿಸುತ್ತದೆ, ಸಾಮಾನ್ಯವಾಗಿ ನಿಜಕ್ಕಿಂತ ಹೆಚ್ಚು.

ಕೀ ಹಾಕಿದಾಗ ಆರೂ ಮುಳ್ಳುಗಳು ಅಲುಗಾಡದೆ ಸೊನ್ನೆಯಲ್ಲೇ ನಿಂತರೆ ಗಾಬರಿಯಾಗಬೇಡಿ, ಆರೂ ಸತ್ತಿಲ್ಲ. ಒಳಗಿನ ಸಂಪರ್ಕ ಪೂರ್ತಿ ಕಿತ್ತುಹೋದ ಒಂದೇ ಮೀಟರು ಇಡೀ ಮಂಡಲವನ್ನು ಕಡಿದಿರುತ್ತದೆ. ಒಂದು ತಂತಿಯ ತುಂಡು ಹಿಡಿದು ಪ್ರತಿ ಮೀಟರಿನ ಎರಡು ತಿರುಪುಗಳಿಗೂ ಒಂದಾದ ಮೇಲೊಂದರಂತೆ ಮುಟ್ಟಿಸುತ್ತಾ ಹೋಗಿ. ಯಾವುದಕ್ಕೆ ಮುಟ್ಟಿಸಿದಾಗ ಉಳಿದ ಐದರ ಮುಳ್ಳು ಎದ್ದವೋ ಅದೇ ಅಪರಾಧಿ. ಅದನ್ನು ತೆಗೆದು ಮುಂದುವರಿಯಿರಿ.

ಈಗ ಎಷ್ಟು ತಪ್ಪಿದರೆ "ಹಾಳು"? ಡಯಲಿನ ಕೆಳಮೂಲೆಯಲ್ಲಿ ಸಣ್ಣದಾಗಿ 2.5 ಅಥವಾ 1.5 ಎಂದು ಅಚ್ಚಾಗಿರುತ್ತದೆ. ಅದು ನಿಖರತೆಯ ದರ್ಜೆ. 2.5 ಎಂದರೆ ಪೂರ್ಣ ವ್ಯಾಪ್ತಿಯ ಶೇ. 2.5ರಷ್ಟು ಹೆಚ್ಚುಕಡಿಮೆಯನ್ನು ಒಪ್ಪಬಹುದು ಎಂದರ್ಥ. 500ರ ಮೀಟರಿಗೆ ಅದು 12.5 ಮಿಲಿಆಂಪಿಯರ್. ಗಮನಿಸಿ, ಈ ಲೆಕ್ಕ ಓದಿದ ಅಂಕೆಯ ಮೇಲಲ್ಲ, ಪೂರ್ಣ ವ್ಯಾಪ್ತಿಯ ಮೇಲೆ. ಈ ಅಂಕೆಯನ್ನು ಪತ್ರದಲ್ಲಿ ಬರೆದರೆ ಹಾಳು ಎಂದು ತೀರ್ಮಾನಿಸಿದ್ದು ನೀವಲ್ಲ, ಮೀಟರು ತಯಾರಿಸಿದವರೇ ಹಾಕಿಕೊಂಡ ಮಿತಿ ಎಂದಾಗುತ್ತದೆ.

ಒಂದು ಲ್ಯಾಬಿನ ಉದಾಹರಣೆ ನೋಡೋಣ. ನಿಜವಾದ ಪ್ರವಾಹ 300 ಇದ್ದಾಗ ಅ-1 300, ಅ-2 310 ತೋರಿಸಿದವು. ಎರಡೂ ಮಿತಿಯೊಳಗಿವೆ. ಅ-3 270, ಅ-5 340 ತೋರಿಸಿದವು. ಅ-6ರ ಒಳಗಿನ ಸಂಪರ್ಕ ಕಡಿದಿತ್ತು. ಅ-4ರ ಕಥೆ ಬೇರೆ: ರಿಯೋಸ್ಟಾಟನ್ನು ಕೆಳಗಿನಿಂದ ಏರಿಸುತ್ತಾ 300ಕ್ಕೆ ತಂದಾಗ ಅದು 260ರಲ್ಲಿ ನಿಂತಿತ್ತು, ಮೇಲಿನಿಂದ ಇಳಿಸುತ್ತಾ ತಂದಾಗ 330ರಲ್ಲಿ. ಬೆರಳಿನಿಂದ ತಟ್ಟಿದರೆ ಮುಳ್ಳು ಹಾರಿ ಬೇರೆಡೆ ಕೂರುತ್ತಿತ್ತು. ಇದು ಮುಳ್ಳು ತಿರುಗುವ ಮೊನೆ ಸವೆದ ಲಕ್ಷಣ. ಇಂಥ ಮೀಟರು ಒಂದೇ ಸಲ ಓದಿದರೆ ಸರಿಯಾಗಿಯೇ ಕಾಣಬಹುದು, ಹಾಗಾಗಿ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ಓದಲೇಬೇಕು.

ವೋಲ್ಟ್‌ಮೀಟರುಗಳಿಗೆ ಇದೇ ಕೆಲಸ ಸಮಾಂತರದಲ್ಲಿ. ಎಲ್ಲವನ್ನೂ ಒಂದೇ ಸೆಲ್ಲಿಗೆ ಸಮಾಂತರವಾಗಿ ಕಟ್ಟಿ, ಜೊತೆಗೆ ಮಲ್ಟಿಮೀಟರ್ ಇಡಿ. ಒಂದು ಸೆಲ್ಲಿಗೊಮ್ಮೆ, ಎರಡು ಸೆಲ್ಲಿಗೊಮ್ಮೆ ಓದಿ. 0–3 ವೋಲ್ಟಿನ ಮೀಟರಿಗೆ 2.5 ದರ್ಜೆಯ ಮಿತಿ 0.075 ವೋಲ್ಟ್. ಹೊಸ ಸೆಲ್ ಎರಡು ಸೇರಿ 3 ವೋಲ್ಟ್ ದಾಟಿ ಮುಳ್ಳು ತುದಿಗೆ ಹೊಡೆದರೆ ತುಸು ಬಳಸಿದ ಸೆಲ್ ಹಾಕಿ.

ಹಂತ 4: ತಕ್ಕಡಿಯ ಪರೀಕ್ಷೆ

ಹಳೆ ಭೌತ ತಕ್ಕಡಿಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ: ಗಾಜಿನ ಪೆಟ್ಟಿಗೆಯ ಒಳಗಿನ ಆ ತಕ್ಕಡಿಯ ಅಗೇಟ್ ಅಲಗು, ಅಂದರೆ ದಂಡ ಕೂರುವ ಚೂಪಾದ ಕಲ್ಲಿನ ಅಂಚು, ಸವೆದಿದ್ದರೆ ಅದಕ್ಕೆ ಪ್ರೌಢಶಾಲೆಯ ದುಡ್ಡು ಹಾಕಬೇಡಿ. ತತ್ವ ತೋರಿಸಲು ಒಂದನ್ನು ಉಳಿಸಿಕೊಳ್ಳಿ. ಅಳತೆಗೆ 0.01 ಗ್ರಾಮಿನವರೆಗೆ ಓದುವ ಡಿಜಿಟಲ್ ತಕ್ಕಡಿ ಕೇಳಿ. ತೂಕದ ಪೆಟ್ಟಿಗೆಯಲ್ಲಿ ಮಿಲಿಗ್ರಾಮ್ ಬಟ್ಟುಗಳು ಕಳೆದಿದ್ದರೂ ದೊಡ್ಡ ಬಟ್ಟುಗಳು ಚೆನ್ನಾಗಿದ್ದರೆ ಅವು ಈಗ ಕೆಲಸಕ್ಕೆ ಬರುತ್ತವೆ.

ಇರುವ ಡಿಜಿಟಲ್ ತಕ್ಕಡಿಯನ್ನು ಗಟ್ಟಿ ಮೇಜಿನ ಮೇಲೆ ಸಮತಟ್ಟಾಗಿಟ್ಟು, ಫ್ಯಾನ್ ಆರಿಸಿ, ಅರ್ಧ ಗಂಟೆ ಚಾಲೂ ಬಿಡಿ. ಕಿಲುಬಿಲ್ಲದ 50 ಗ್ರಾಮಿನ ಬಟ್ಟನ್ನು ಚಿಮಟದಿಂದ ತಟ್ಟೆಯ ನಡುವೆ ಐದು ಸಲ ಇಟ್ಟು ತೆಗೆದು ಬರೆದುಕೊಳ್ಳಿ. ಆಮೇಲೆ ನಾಲ್ಕು ಮೂಲೆಗಳಲ್ಲಿ ಇಟ್ಟು ನೋಡಿ. ನಮ್ಮ ಉದಾಹರಣೆಯ ತಕ್ಕಡಿ ನಡುವೆಯೇ 50.02, 49.87, 50.11, 49.79, 50.06 ಎಂದಿತು. ಅದೇ ಬಟ್ಟು, ಅದೇ ಜಾಗ, 0.32 ಗ್ರಾಮಿನ ಓಲಾಟ.

ಈ ಓಲಾಟಕ್ಕೂ ಒಂದೇ ಬದಿಗಿರುವ ತಪ್ಪಿಗೂ ವ್ಯತ್ಯಾಸವಿದೆ. ಐದೂ ಸಲ 49.60 ಎಂದೇ ತೋರಿಸಿದ್ದರೆ ಹೊಸ ತಕ್ಕಡಿ ಬೇಡ, ಅಂಕಶೋಧನೆ ಸಾಕು. ಅಂದರೆ ಸರಿಯಾದ ತೂಕವಿಟ್ಟು ತಕ್ಕಡಿಗೆ ಅದನ್ನು ಮತ್ತೆ ಕಲಿಸುವುದು. ಅದರ CAL ಗುಂಡಿಯನ್ನು ಒತ್ತುವ ಮುನ್ನ ಕೈಪಿಡಿ ನೋಡಿ. ತಕ್ಕಡಿ 200 ಗ್ರಾಮ್ ಕೇಳುವಾಗ ಕೈಗೆ ಸಿಕ್ಕಿದ್ದನ್ನು ಇಟ್ಟರೆ ಇದ್ದ ನಿಖರತೆಯೂ ಹೋಗುತ್ತದೆ. ಅಂಗಡಿಯ ಕಬ್ಬಿಣದ ಬಟ್ಟು ಇದಕ್ಕೆ ಆಗುವುದಿಲ್ಲ. ಓಲಾಡುವ ತಕ್ಕಡಿಯಾದರೆ ಒಳಗಿನ ಲೋಡ್ ಸೆಲ್, ಅಂದರೆ ಭಾರಕ್ಕೆ ಬಾಗಿ ವಿದ್ಯುತ್ ಸಂಕೇತ ಕೊಡುವ ಲೋಹದ ಪಟ್ಟಿ, ಕೆಟ್ಟಿರುವ ಸಾಧ್ಯತೆ ಹೆಚ್ಚು. ಮಿತಿ ಮೀರಿದ ಭಾರ ಹಾಕಿದ್ದು, ಆಮ್ಲ ಚೆಲ್ಲಿದ್ದು ಸಾಮಾನ್ಯ ಕಾರಣ. ಒಳಗೆ ಇರುವೆ ಗೂಡು ಕಟ್ಟಿದ್ದನ್ನೂ ಕಂಡಿದ್ದೇನೆ, ತಟ್ಟೆ ಎತ್ತಿ ಒಮ್ಮೆ ನೋಡಿಬಿಡಿ.

ಹಂತ 5: ಹಣ ಎಲ್ಲಿಂದ ಎಂಬುದನ್ನು ನೀವೇ ಸೂಚಿಸಿ

ಸರ್ಕಾರಿ ಶಾಲೆಯಾದರೆ ಸಮಗ್ರ ಶಿಕ್ಷಣದಡಿ ಬರುವ ವಾರ್ಷಿಕ ಶಾಲಾ ಅನುದಾನವನ್ನು ಮೊದಲು ನೋಡಿ. ಅದರ ಮಾರ್ಗಸೂಚಿಯಲ್ಲಿ ಕೆಲಸ ಮಾಡದ ಉಪಕರಣಗಳ ಬದಲಾವಣೆ ಮತ್ತು ಪ್ರಯೋಗಾಲಯದ ವೆಚ್ಚ ಎರಡೂ ಹೆಸರಿಸಿಯೇ ಸೇರಿವೆ. ಮೊತ್ತ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 100 ದಾಟಿ 250ರವರೆಗೆ ಮಕ್ಕಳಿದ್ದರೆ 50,000 ರೂಪಾಯಿ, 250 ದಾಟಿ 1000ದವರೆಗೆ ಇದ್ದರೆ 75,000. ಇದೇ ದುಡ್ಡಿನಲ್ಲಿ ಕರೆಂಟ್ ಬಿಲ್ಲು, ನೀರು, ಸ್ವಚ್ಛತೆ ಎಲ್ಲವೂ ಆಗಬೇಕಾದ್ದರಿಂದ ನಿಮ್ಮ ಶಾಲೆಗೆ ಈ ವರ್ಷ ಬಂದದ್ದೆಷ್ಟು, ಉಳಿದದ್ದೆಷ್ಟು ಎಂದು ಕಚೇರಿಯಲ್ಲಿ ಕೇಳಿಕೊಂಡೇ ಬರೆಯಿರಿ. ಖಾಸಗಿ ಶಾಲೆಯಾದರೆ ಮಕ್ಕಳಿಂದ ಪಡೆದ ಪ್ರಯೋಗಾಲಯ ಶುಲ್ಕದ ಲೆಕ್ಕವನ್ನು ಹೆಸರಿಸಿ. ವಸತಿ ಶಾಲೆಯವರು ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘದಿಂದ ಬರುವ ಅನುದಾನದಲ್ಲಿ ಯಾವ ಶೀರ್ಷಿಕೆಗೆ ಸೇರುತ್ತದೆ ಎಂದು ಗುಮಾಸ್ತರನ್ನು ಕೇಳಿ.

ಜೊತೆಗೆ ಮೂರು ಅಂಗಡಿಗಳಿಂದ ದರಪಟ್ಟಿ, ಅಂದರೆ ಕೊಟೇಶನ್, ತರಿಸಿ. ಮೂರರಲ್ಲೂ ಒಂದೇ ವಿವರಣೆ ಇರಬೇಕು. ಒಬ್ಬರು 0.1 ಗ್ರಾಮಿನ ತಕ್ಕಡಿಗೆ, ಇನ್ನೊಬ್ಬರು 0.01ಕ್ಕೆ ದರ ಕೊಟ್ಟಿದ್ದರೆ ಆ ಹೋಲಿಕೆ ಲೆಕ್ಕಪರಿಶೋಧನೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ವ್ಯಾಪ್ತಿ, ದರ್ಜೆ, ಗ್ಯಾರಂಟಿ ಅವಧಿಯನ್ನು ನೀವೇ ಒಂದು ಹಾಳೆಯಲ್ಲಿ ಬರೆದು ಮೂವರಿಗೂ ಅದನ್ನೇ ಕೊಡಿ. ಮೀಟರಿಗೆ ಐಎಸ್ 1248 ಎಂದು ಸೇರಿಸಿ. ಇದು ಮುಳ್ಳಿನ ಮೀಟರುಗಳ ಭಾರತೀಯ ಮಾನಕ.

ಹಂತ 6: ಪತ್ರ

ಒಂದು ಪುಟ ದಾಟಬೇಡಿ. ಅಳತೆಗಳ ಪಟ್ಟಿ ಲಗತ್ತಿನಲ್ಲಿರಲಿ. ಕೆಳಗಿನದ್ದರಲ್ಲಿ ದರಗಳು ಲೆಕ್ಕ ತೋರಿಸಲು ಹಾಕಿದ ಉದಾಹರಣೆ ಮಾತ್ರ, ನಿಮ್ಮ ದರಪಟ್ಟಿಯಲ್ಲಿ ಬಂದದ್ದನ್ನು ಹಾಕಿಕೊಳ್ಳಿ.

> ದಿನಾಂಕ: ………
>
> ಇಂದ,
> ………, ವಿಜ್ಞಾನ ಶಿಕ್ಷಕರು
>
> ಇವರಿಗೆ,
> ಪ್ರಾಂಶುಪಾಲರು, ………
>
> ಮಾನ್ಯರೇ,
>
> ವಿಷಯ: ವಿಜ್ಞಾನ ಪ್ರಯೋಗಾಲಯದ ನಿರುಪಯುಕ್ತ ಅಮ್ಮೀಟರ್, ವೋಲ್ಟ್‌ಮೀಟರ್ ಮತ್ತು ತಕ್ಕಡಿಯನ್ನು ಬದಲಿಸಲು ರೂ. 11,210 ಮಂಜೂರು ಮಾಡುವ ಕುರಿತು.
>
> ಉಲ್ಲೇಖ: ಪ್ರಯೋಗಾಲಯ ದಾಸ್ತಾನು ವಹಿ, ಪುಟ ………
>
> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ದಿನಾಂಕ ………ರಂದು ಪ್ರಯೋಗಾಲಯದ 6 ಅಮ್ಮೀಟರ್, 5 ವೋಲ್ಟ್‌ಮೀಟರ್ ಹಾಗೂ 1 ಡಿಜಿಟಲ್ ತಕ್ಕಡಿಯನ್ನು ಪರೀಕ್ಷಿಸಿದ್ದೇನೆ. ಶೂನ್ಯ ದೋಷವಿದ್ದ 2 ಮೀಟರುಗಳನ್ನು ಶಾಲೆಯಲ್ಲೇ ಸರಿಪಡಿಸಲಾಗಿದೆ. 4 ಅಮ್ಮೀಟರ್ ಮತ್ತು 3 ವೋಲ್ಟ್‌ಮೀಟರುಗಳು ಡಯಲಿನ ಮೇಲೆ ನಮೂದಾಗಿರುವ ಮಿತಿಯನ್ನು ಮೀರಿ ತಪ್ಪು ತೋರಿಸುತ್ತಿವೆ ಅಥವಾ ಕೆಲಸ ಮಾಡುತ್ತಿಲ್ಲ. ತಕ್ಕಡಿಯು ಒಂದೇ 50 ಗ್ರಾಮ್ ಬಟ್ಟಿಗೆ 49.79ರಿಂದ 50.11 ಗ್ರಾಮ್‌ವರೆಗೆ ತೋರಿಸುತ್ತಿದ್ದು, ಅಂಕಶೋಧನೆಯ ನಂತರವೂ ಸರಿಯಾಗಿಲ್ಲ. ವಿವರ ಲಗತ್ತು 1ರಲ್ಲಿದೆ.
>
> ಇದರಿಂದ 10ನೇ ತರಗತಿಯ ಓಮ್‌ನ ನಿಯಮದ ಪ್ರಯೋಗದಲ್ಲಿ 10 ಓಮ್ ರೋಧದ ಒಂದೇ ತಂತಿಗೆ ಒಂದು ಮೇಜಿನಲ್ಲಿ 8.8, ಇನ್ನೊಂದರಲ್ಲಿ 11.1 ಓಮ್ ಬರುತ್ತಿದೆ. 9ನೇ ತರಗತಿಯ ರಾಶಿ ಸಂರಕ್ಷಣಾ ನಿಯಮದ ಪ್ರಯೋಗದಲ್ಲಿ ಮುಚ್ಚಿದ ಫ್ಲಾಸ್ಕಿನ ರಾಶಿ ಕ್ರಿಯೆಯ ನಂತರ ಬದಲಾದಂತೆ ಕಾಣುತ್ತಿದೆ. 48 ವಿದ್ಯಾರ್ಥಿಗಳ ತರಗತಿಗೆ ಸದ್ಯ 2 ಮಂಡಲಗಳನ್ನಷ್ಟೇ ಜೋಡಿಸಲು ಸಾಧ್ಯ.
>
> ಬೇಕಾದವು: ಅಮ್ಮೀಟರ್ 0–500 ಮಿ.ಆಂ. 4 (ರೂ. 1,600), ವೋಲ್ಟ್‌ಮೀಟರ್ 0–3 ವೋ. 3 (ರೂ. 1,200), ಡಿಜಿಟಲ್ ತಕ್ಕಡಿ 0.01 ಗ್ರಾಂ 1 (ರೂ. 6,000), ಅಂಕಶೋಧನೆಯ ಬಟ್ಟು 200 ಗ್ರಾಂ 1 (ರೂ. 700). ಒಟ್ಟು ರೂ. 9,500, ಜಿಎಸ್‌ಟಿ ಶೇ. 18ರಂತೆ ರೂ. 1,710, ಒಟ್ಟಾರೆ ರೂ. 11,210.
>
> ಈ ವೆಚ್ಚವನ್ನು ……… ಶೀರ್ಷಿಕೆಯಡಿ ಭರಿಸಬಹುದಾಗಿದೆ. ಪೂರ್ಣ ಮೊತ್ತ ಸದ್ಯಕ್ಕೆ ಸಾಧ್ಯವಾಗದಿದ್ದಲ್ಲಿ ಮೊದಲ ಹಂತದಲ್ಲಿ ಮೀಟರುಗಳನ್ನಾದರೂ (ಜಿಎಸ್‌ಟಿ ಸೇರಿ ರೂ. 3,304) ಮಂಜೂರು ಮಾಡಬೇಕಾಗಿ ಕೋರುತ್ತೇನೆ.
>
> ವಂದನೆಗಳೊಂದಿಗೆ,
> ತಮ್ಮ ವಿಶ್ವಾಸಿ,
> (ಸಹಿ)
>
> ಲಗತ್ತುಗಳು: 1. ಪರೀಕ್ಷಾ ಪಟ್ಟಿ 2. ಮೂರು ದರಪಟ್ಟಿಗಳು 3. ತುಲನಾತ್ಮಕ ಪಟ್ಟಿ

ಎರಡು ಮಾತು ಇದರ ಬಗ್ಗೆ. 8.8 ಮತ್ತು 11.1 ಎಲ್ಲಿಂದ ಬಂದವು ಎಂದು ಕೇಳಿದರೆ ಹೇಳಲು ಸಿದ್ಧರಿರಿ: 3 ವೋಲ್ಟನ್ನು ಅ-5 ತೋರಿಸಿದ 0.34 ಆಂಪಿಯರಿನಿಂದ ಭಾಗಿಸಿದರೆ 8.8, ಅ-3 ತೋರಿಸಿದ 0.27ರಿಂದ ಭಾಗಿಸಿದರೆ 11.1. ವಿಜ್ಞಾನ ಓದದ ಪ್ರಾಂಶುಪಾಲರಿಗೂ ಇದು ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಎರಡನೆಯದು, ಕೊನೆಯ ವಾಕ್ಯದ "ಮೊದಲ ಹಂತ". ಅದನ್ನು ಬಿಡಬೇಡಿ. ಇಡೀ ಮೊತ್ತಕ್ಕೆ ಹಣವಿಲ್ಲದಾಗ ಪತ್ರ ತಿರಸ್ಕಾರವಾಗುವ ಬದಲು ಚಿಕ್ಕ ಮೊತ್ತವಾದರೂ ಮಂಜೂರಾಗಲು ಅದೇ ದಾರಿ. ಬೇಡಿದ್ದರಲ್ಲಿ ಅರ್ಧವಾದರೂ ಸಿಗಲಿ ಎಂದು ಆರರ ಬದಲು ಹನ್ನೆರಡು ಕೇಳುವ ಚಾಳಿ ಮಾತ್ರ ಬೇಡ. ಸ್ಟಾಕ್ ಬುಕ್ ತೆರೆದ ಕೂಡಲೇ ಅದು ಬಯಲಾಗುತ್ತದೆ.

ಹಂತ 7: ಕೊಟ್ಟ ಮೇಲೆ

ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಆವಕ ಸಂಖ್ಯೆ, ದಿನಾಂಕ, ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ನೆನಪಿಸುವಾಗ ಆ ಸಂಖ್ಯೆ ಹೇಳಿದರೆ ಗುಮಾಸ್ತರಿಗೂ ಹುಡುಕುವುದು ಸುಲಭ.

ಹಳೆಯ ಮೀಟರುಗಳನ್ನು ಎಸೆಯಬೇಡಿ, ಬಿಚ್ಚಿ ಬಿಡಿಭಾಗ ತೆಗೆಯಲೂಬೇಡಿ. ಅನುಪಯುಕ್ತವೆಂದು ತೀರ್ಮಾನವಾಗಿ ವಹಿಯಿಂದ ಕಡಿಮೆ ಮಾಡುವವರೆಗೆ, ಕಚೇರಿಯವರ ಮಾತಿನಲ್ಲಿ ರೈಟ್ ಆಫ್ ಆಗುವವರೆಗೆ, ಅವು ನಿಮ್ಮ ಹೊಣೆ. ಅ-3ರಿಂದ ಅ-6ರವರೆಗೆ ಚೀಟಿ ಸಮೇತ ಒಂದು ಡಬ್ಬದಲ್ಲಿಟ್ಟು ಕಟ್ಟಿಡಿ.

ಹೊಸವು ಬಂದ ದಿನ ಅಂಗಡಿಯವರು ಬಿಲ್ಲಿನ ಹಿಂದೆ "ಸರಕು ಸುಸ್ಥಿತಿಯಲ್ಲಿದೆ" ಎಂದು ಬರೆದು ಸಹಿ ಹಾಕಿ ಕೊಡಿ ಎನ್ನುತ್ತಾರೆ. ಹಾಕಬೇಡಿ, ಒಂದು ಗಂಟೆ ಕಾಯಲು ಹೇಳಿ. ನಾಲ್ಕೂ ಹೊಸ ಅಮ್ಮೀಟರುಗಳನ್ನು ಅ-1, ಅ-2ರ ಜೊತೆ ಅದೇ ಸರಣಿಯಲ್ಲಿ ಕಟ್ಟಿ, 1 ಓಮಿನ ಮೇಲೆ ಮಲ್ಟಿಮೀಟರ್ ಇಟ್ಟು, ಏರಿಸಿ ಒಮ್ಮೆ, ಇಳಿಸಿ ಒಮ್ಮೆ ಓದಿ. ಹೊಸ ಪೆಟ್ಟಿಗೆಯಿಂದ ಬಂದ ಮೀಟರಿನ ಮುಳ್ಳೂ ಅಂಟಿಕೊಳ್ಳುವುದುಂಟು. ಅಂಥದ್ದನ್ನು ಅಲ್ಲೇ ವಾಪಸ್ ಕೊಟ್ಟು, ಬದಲಿ ಬಂದ ಮೇಲೆ ಸಹಿ ಹಾಕಿ.